ಸೀಸದ ಗೋಡೆಗೆ ಎರಡು ಲೆಕ್ಕ

ಬಾನುಲಿ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸಿದೊಡನೆ ಹಾಡಾಗಿ ಕೇಳಿಬರುವ ಅಲೆ ನಮ್ಮ ಮನೆಯ ಗೋಡೆಯನ್ನು ದಾಟಿಯೇ ಒಳಕ್ಕೆ ಬಂದಿರುತ್ತದೆ. ಮಧ್ಯಮ ತರಂಗದ ಆ ಅಲೆಯ ಉದ್ದ ನೂರಾರು ಮೀಟರುಗಳು. ಅದೇ ವಂಶಕ್ಕೆ ಸೇರಿದ, ಆದರೆ ಉದ್ದದಲ್ಲಿ ಒಂದು ಪರಮಾಣುವಿನ ಅಗಲದ ನೂರರಲ್ಲೊಂದು ಪಾಲಿನಷ್ಟೇ ಇರುವ ಅಲೆಗಳೂ ಉಂಟು. ಅವೇ ಗಾಮಾ ಕಿರಣಗಳು. ಇವೂ ಗೋಡೆಯನ್ನು ದಾಟಬಲ್ಲುವು. ದಾಟುವಾಗ ಎದುರಾದ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೊಗೆಯುತ್ತವೆ. ಮನುಷ್ಯನ ಮೈಯಲ್ಲಿ ಇದೇ ಕೆಲಸ ನಡೆದರೆ ಜೀವಕೋಶಗಳು ಕೆಡುತ್ತವೆ. ಆದ್ದರಿಂದ ಗಾಮಾ ಕಿರಣವನ್ನು ಸೂಸುವ ವಸ್ತುವನ್ನು ಸೀಸದೊಳಗೆ ಇಡುವುದು ವಾಡಿಕೆ. ಸೀಸ ಎಷ್ಟು ದಪ್ಪವಿರಬೇಕು ಎಂಬ ಪ್ರಶ್ನೆ ಬಹಳ ಸರಳವಾಗಿ ಕಾಣುತ್ತದೆ. ಆದರೆ ಅದಕ್ಕೆ ಉತ್ತರ ಹುಡುಕಿ ಕೋಷ್ಟಕಗಳನ್ನು ತೆರೆದರೆ ಒಂದು ವಿಚಿತ್ರ ಕಾಣುತ್ತದೆ. ಕೋಬಾಲ್ಟ್-60 ಎಂಬ ಒಂದೇ ವಸ್ತುವಿನ ಕಿರಣಕ್ಕೆ, ಸೀಸವೆಂಬ ಒಂದೇ ಲೋಹದಲ್ಲಿ, ಒಂದು ಕೋಷ್ಟಕ 10.4 ಮಿಲಿಮೀಟರ್ ಎನ್ನುತ್ತದೆ. ಇನ್ನೊಂದು 12 ಮಿಲಿಮೀಟರ್ ಎನ್ನುತ್ತದೆ. ಎರಡೂ ಅಳೆದೇ ಬರೆದವು, ಎರಡೂ ಸರಿ. ಹಾಗಿದ್ದೂ ಒಂದನ್ನು ಬಳಸಬೇಕಾದಲ್ಲಿ ಇನ್ನೊಂದನ್ನು ಬಳಸಿದರೆ ಗೋಡೆಯ ಆಚೆ ಕುಳಿತವನಿಗೆ ಮೂರು ಪಟ್ಟು ವಿಕಿರಣ ತಗಲುತ್ತದೆ. ಅದು ಹೇಗೆಂಬುದನ್ನು ನೋಡೋಣ.

ಕೋಬಾಲ್ಟ್-60 ಅಪರೂಪದ ವಸ್ತುವೇನಲ್ಲ. 1951ರಲ್ಲಿ ಕೆನಡಾ ದೇಶದಲ್ಲಿ ಇದರ ಕಿರಣದಿಂದ ಅರ್ಬುದ ರೋಗಿಗಳ ಚಿಕಿತ್ಸೆ ಮೊದಲಾಯಿತು. ಇಂಜೆಕ್ಷನ್ ಸಿರಿಂಜುಗಳನ್ನು ಕ್ರಿಮಿಶುದ್ಧ ಮಾಡುವುದಕ್ಕೂ, ದಪ್ಪ ಉಕ್ಕಿನ ಬೆಸುಗೆಯಲ್ಲಿ ಒಳಬಿರುಕು ಇದೆಯೇ ಎಂದು ಚಿತ್ರ ತೆಗೆದು ನೋಡುವುದಕ್ಕೂ ಇದು ಬಳಕೆಯಲ್ಲಿದೆ. ಇದರ ಕಿರಣದ ಕಣಗಳಿಗೆ ಸರಾಸರಿ 1.25 ಮಿಲಿಯನ್ ಎಲೆಕ್ಟ್ರಾನ್-ವೋಲ್ಟಿನ ಶಕ್ತಿ ಇರುತ್ತದೆ. ಕಿರಣವನ್ನು ಅಲೆ ಎಂದು ಕರೆದು ಈಗ ಕಣ ಎನ್ನುತ್ತೀರಲ್ಲ ಎಂದು ವಾಚಕರು ಕೇಳಬಹುದು. ಗಾಮಾ ಕಿರಣ ವಸ್ತುವಿನೊಡನೆ ವ್ಯವಹರಿಸುವಾಗ ಬಿಡಿಬಿಡಿಯಾದ ಶಕ್ತಿಯ ಗಂಟುಗಳಾಗಿ ವರ್ತಿಸುತ್ತದೆ. ಅಂಥ ಒಂದೊಂದು ಗಂಟಿಗೆ ಫೋಟಾನ್ ಎಂದು ಹೆಸರು. ನಮ್ಮ ಲೆಕ್ಕವೆಲ್ಲ ಈ ಫೋಟಾನುಗಳ ತಲೆಯೆಣಿಕೆಯೇ.

ಬಂದೂಕಿನ ಗುಂಡು ಮರದ ಹಲಗೆಯನ್ನು ಹೊಕ್ಕರೆ ಸ್ವಲ್ಪ ಸ್ವಲ್ಪವಾಗಿ ವೇಗ ಕಳೆದುಕೊಂಡು ಒಂದು ಆಳದಲ್ಲಿ ನಿಲ್ಲುತ್ತದೆ. ಫೋಟಾನು ಹಾಗಲ್ಲ. ಅದು ಸೀಸದೊಳಗೆ ಏನೂ ಆಗದಂತೆ ಹೋಗುತ್ತಿರುತ್ತದೆ, ಹೋಗುತ್ತಿರುವಾಗ ಎಲ್ಲೋ ಒಂದೆಡೆ ಯಾವುದೋ ಒಂದು ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ. ಎಲ್ಲಿ ಹೊಡೆದೀತು ಎಂದು ಮೊದಲೇ ಹೇಳಲು ಬಾರದು. ಅದು ಕೇವಲ ಅದೃಷ್ಟದ ಮಾತು. ಸಾವಿರ ಜನ ಒಂದು ದಾರಿಯಲ್ಲಿ ಹೊರಟಿದ್ದಾರೆಂದೂ, ದಾರಿಯುದ್ದಕ್ಕೂ ಗಡಿಕಟ್ಟೆಗಳಿವೆಯೆಂದೂ, ಪ್ರತಿ ಕಟ್ಟೆಯಲ್ಲಿ ಪ್ರತಿಯೊಬ್ಬನೂ ಒಂದು ನಾಣ್ಯವನ್ನು ಚಿಮ್ಮಬೇಕೆಂದೂ ಭಾವಿಸೋಣ. ತಲೆ ಬಿದ್ದರೆ ಮುಂದಕ್ಕೆ, ಬಾಲ ಬಿದ್ದರೆ ಅಲ್ಲಿಗೇ ಅವನ ಪಯಣ ಮುಗಿಯಿತು. ಮೊದಲ ಕಟ್ಟೆಯನ್ನು ದಾಟಿದವರು ಐನೂರು, ಎರಡನೆಯದನ್ನು ಇನ್ನೂರೈವತ್ತು. ಹತ್ತನೆಯ ಕಟ್ಟೆಯಾಚೆ ಉಳಿದವನು ಒಬ್ಬ. ಹೀಗೆ ಫೋಟಾನುಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುವ ಸೀಸದ ದಪ್ಪವನ್ನೇ ಅರ್ಧಮೌಲ್ಯ ಪದರ ಎನ್ನುತ್ತಾರೆ; ನಾವು ಚುಟುಕಾಗಿ ಅರ್ಧಪದರ ಎನ್ನೋಣ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಎಷ್ಟೇ ಕಟ್ಟೆಗಳಿದ್ದರೂ ಸೊನ್ನೆಗೆ ಬಂದುನಿಲ್ಲುವ ಜಾಗವೆಂಬುದಿಲ್ಲ. ಎರಡನೆಯದಾಗಿ, ಹತ್ತನೆಯ ಕಟ್ಟೆಯನ್ನು ದಾಟಿದ ಆ ಒಬ್ಬನು ಬಳಲಿ ಬಂದವನಲ್ಲ. ಹೊರಟಾಗ ಇದ್ದ ಶಕ್ತಿಯೆಲ್ಲ ಅವನಲ್ಲಿ ಹಾಗೆಯೇ ಇದೆ.

ಅರ್ಧಪದರವು ಫೋಟಾನಿನ ಶಕ್ತಿಯನ್ನು ಅವಲಂಬಿಸಿದ್ದು. ಎಕ್ಸ್-ರೇ ಕೋಣೆಯಲ್ಲಿ ತಂತ್ರಜ್ಞರು ಕಟ್ಟಿಕೊಳ್ಳುವ ಏಪ್ರನ್ನಿನಲ್ಲಿ ಅರ್ಧ ಮಿಲಿಮೀಟರ್ ಸೀಸವಿರುತ್ತದೆ. ಅಲ್ಲಿಯ ಮೆದು ಕಿರಣದಲ್ಲಿ ಬಹುಪಾಲನ್ನು ಅದು ತಡೆಯುತ್ತದೆ. ಅದೇ ಏಪ್ರನ್ನನ್ನು ಕಟ್ಟಿಕೊಂಡು ಕೋಬಾಲ್ಟಿನ ಮುಂದೆ ನಿಂತರೆ ನೂರು ಫೋಟಾನುಗಳಲ್ಲಿ ಮೂರು ನಿಂತಾವು, ತೊಂಬತ್ತೇಳು ಹಾದುಹೋದಾವು. ಸೀಸವೆಂದರೆ ಎಲ್ಲವನ್ನೂ ತಡೆಯುವ ಲೋಹ ಎಂಬ ನಂಬಿಕೆಗೆ ಇಷ್ಟು ಸಾಕು.

ಈಗ ಮುಖ್ಯವಾದ ಮಾತಿಗೆ ಬರೋಣ. ನಾಣ್ಯದ ಆಟದಲ್ಲಿ ಸೋತವನ ಪಯಣ ಅಲ್ಲಿಗೆ ಮುಗಿಯಿತು ಎಂದೆವು. ನಿಜವಾದ ಸೀಸದಲ್ಲಿ ಅದು ಯಾವಾಗಲೂ ಮುಗಿಯುವುದಿಲ್ಲ. ಡಿಕ್ಕಿಯಲ್ಲಿ ಎರಡು ಮುಖ್ಯ ಬಗೆಗಳಿವೆ. ಒಂದು ಬಗೆಯಲ್ಲಿ ಪರಮಾಣು ಫೋಟಾನನ್ನು ಪೂರ್ತಿಯಾಗಿ ನುಂಗಿಬಿಡುತ್ತದೆ, ಇದು ಹೀರಿಕೆ. ಇನ್ನೊಂದು ಬಗೆಯನ್ನು 1923ರಲ್ಲಿ ಅಮೆರಿಕದ ಆರ್ಥರ್ ಕಾಂಪ್ಟನ್ ವಿವರಿಸಿದರು. ಇದರಲ್ಲಿ ಫೋಟಾನು ಒಂದು ಎಲೆಕ್ಟ್ರಾನನ್ನು ತಳ್ಳಿ, ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಅದಕ್ಕೆ ಕೊಟ್ಟು, ತಾನು ದಿಕ್ಕು ಬದಲಿಸಿ ಬೇರೆ ಕಡೆಗೆ ಹೊರಡುತ್ತದೆ. ಇದು ಚೆದುರಿಕೆ. ಸ್ವಲ್ಪ ಓರೆಯಾಗಿ, ಎಂದರೆ ಮೂವತ್ತು ಡಿಗ್ರಿಯಷ್ಟು ತಿರುಗಿದ ಕೋಬಾಲ್ಟಿನ ಫೋಟಾನಿನಲ್ಲಿ ಮುಕ್ಕಾಲು ಪಾಲು ಶಕ್ತಿ ಉಳಿದಿರುತ್ತದೆ. ಸಮಕೋನದಲ್ಲಿ ಪಕ್ಕಕ್ಕೆ ತಿರುಗಿದರೆ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಕೋಬಾಲ್ಟಿನ ಕಿರಣ ಸೀಸವನ್ನು ಹೊಕ್ಕಾಗ ನಡೆಯುವ ಡಿಕ್ಕಿಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವೇ. ಹಾಗಾದರೆ ಡಿಕ್ಕಿ ಹೊಡೆದ ಫೋಟಾನನ್ನು ಲೆಕ್ಕದಿಂದ ಹೊಡೆದುಹಾಕಬಹುದೆ, ಬಾರದೆ? ಉತ್ತರ ಅಳತೆಯ ಏರ್ಪಾಡಿನಲ್ಲಿದೆ.

ಮಡಿಕೇರಿಯ ಕಡೆ ಮಳೆಗಾಲದ ರಾತ್ರಿ ಬಸ್ಸಿನಲ್ಲಿ ಹೋದವರಿಗೆ ಮಂಜಿನೊಳಗಿಂದ ಎದುರು ಬರುವ ಲಾರಿಯ ದೀಪ ಹೇಗೆ ಕಾಣುತ್ತದೆಂಬುದು ಗೊತ್ತು. ಬಲ್ಬು ಮಂಕಾಗಿರುತ್ತದೆ, ಆದರೆ ಸುತ್ತಲಿನ ಮಂಜೆಲ್ಲ ಬೆಳ್ಳಗೆ ಹೊಳೆಯುತ್ತಿರುತ್ತದೆ. ಈ ಮಂಜು ಎಷ್ಟು ಬೆಳಕನ್ನು ತಡೆಯಿತು ಎಂದು ಅಳೆಯಬೇಕೆಂದರೆ ಎರಡು ದಾರಿಗಳಿವೆ. ಉದ್ದನೆಯ ಸಪೂರ ಕೊಳವೆಯೊಂದನ್ನು ಕಣ್ಣಿಗಿಟ್ಟು ಬಲ್ಬನ್ನು ಮಾತ್ರ ನೋಡುವುದು ಒಂದು. ಆಗ ಬಲ್ಬಿನಿಂದ ನೆಟ್ಟಗೆ ಬಂದ ಬೆಳಕಷ್ಟೇ ಕಣ್ಣಿಗೆ ಬೀಳುತ್ತದೆ, ಮಂಜು ತಿರುಗಿಸಿ ಕಳಿಸಿದ ಬೆಳಕು ಕೊಳವೆಯ ಗೋಡೆಗೆ ತಾಗಿ ನಿಲ್ಲುತ್ತದೆ. ಕೊಳವೆಯನ್ನು ಬಿಸುಟು, ಒಂದು ಪತ್ರಿಕೆಯನ್ನು ಬಿಡಿಸಿ ಹಿಡಿದು, ಅದರ ಮೇಲೆ ಎಷ್ಟು ಬೆಳಕು ಬಿದ್ದಿದೆಯೆಂದು ನೋಡುವುದು ಇನ್ನೊಂದು. ಈಗ ನೆಟ್ಟಗೆ ಬಂದ ಬೆಳಕಿನ ಜೊತೆಗೆ ಸುತ್ತಲ ಮಂಜಿನ ಹೊಳಪೂ ಸೇರಿತು. ಮಂಜು ಅದೇ, ದೀಪ ಅದೇ; ಅಳತೆ ಮಾತ್ರ ಬೇರೆ.

ಸಪೂರ ಪುಂಜದ ಏರ್ಪಾಡು ಮೊದಲನೆಯದರಂತೆ. ಕೋಬಾಲ್ಟನ್ನು ದಪ್ಪನೆಯ ಸೀಸದ ಗಟ್ಟಿಯೊಳಗಿಟ್ಟು ಐದು ಮಿಲಿಮೀಟರ್ ಅಗಲದ ಒಂದು ತೂತನ್ನು ಮಾತ್ರ ಬಿಡುತ್ತಾರೆ. ಒಂದು ಮೀಟರ್ ದೂರದಲ್ಲಿ ಎಣಿಕೆಯಂತ್ರ. ಅದರ ಮುಂದೆಯೂ ಅಂಥದೇ ತೂತಿರುವ ಇನ್ನೊಂದು ಸೀಸದ ಗಟ್ಟಿ. ಅಳೆಯಬೇಕಾದ ಸೀಸದ ಹಾಳೆಗಳನ್ನು ನಡುದಾರಿಯಲ್ಲಿ ನಿಲ್ಲಿಸುತ್ತಾರೆ. ಹಾಳೆಯಲ್ಲಿ ಒಂದೆರಡು ಡಿಗ್ರಿ ತಿರುಗಿದ ಫೋಟಾನೂ ಎದುರಿನ ತೂತನ್ನು ಕಾಣಲಾರದು. ಆದ್ದರಿಂದ ಇಲ್ಲಿ ಚೆದುರಿದ್ದೂ ಒಂದೇ, ಹೀರಿಹೋದದ್ದೂ ಒಂದೇ. ಡಿಕ್ಕಿ ಹೊಡೆದುದೆಲ್ಲ ಲೆಕ್ಕದಿಂದ ಹೊರಗೆ. ನಾಣ್ಯದ ಆಟ ಅಕ್ಷರಶಃ ನಡೆಯುವುದು ಇಲ್ಲಿಯೇ, ಇದರಿಂದ ಬರುವುದೇ 10.4 ಮಿಲಿಮೀಟರ್. ಸೀಸದ ಸ್ವಭಾವವನ್ನು ತಿಳಿಯಬೇಕೆಂಬ ಭೌತಶಾಸ್ತ್ರಜ್ಞನಿಗೆ ಬೇಕಾದ ಸಂಖ್ಯೆಯೂ ಇದೇ.

ಆದರೆ ಕೋಬಾಲ್ಟಿನ ಸೀಸದ ಕುಂಡದ ಹೊರಗೆ ಕುಳಿತ ಮನುಷ್ಯನ ಮುಂದೆ ತೂತಿನ ಗಟ್ಟಿಯೇನೂ ಇರುವುದಿಲ್ಲ. ಕುಂಡದ ಮೈಯೆಲ್ಲ ಅವನಿಗೆ ಎದುರಾಗಿದೆ. ಅವನ ಕಡೆಗೆ ಹೊರಟು ಬೇರೆಡೆಗೆ ತಿರುಗಿದ ಫೋಟಾನುಗಳು ಅವನಿಗೆ ತಪ್ಪಿದುವು, ನಿಜ. ಆದರೆ ಬೇರೆ ಕಡೆಗೆ ಹೊರಟಿದ್ದ ಫೋಟಾನುಗಳಲ್ಲಿ ಕೆಲವು ಸೀಸದೊಳಗೆ ತಿರುಗಿ ಅವನ ಕಡೆಗೆ ಬಂದುವು. ಪತ್ರಿಕೆಯ ಮೇಲೆ ಮಂಜಿನ ಬೆಳಕು ಬಿದ್ದಂತೆ ಇವು ಅವನ ಮೇಲೆ ಬೀಳುತ್ತವೆ. ಇದು ಅಗಲ ಪುಂಜದ ಪರಿಸ್ಥಿತಿ. ಕಾವಲಿನ ಗೋಡೆಗಳೆಲ್ಲ ಇರುವುದು ಈ ಪರಿಸ್ಥಿತಿಯಲ್ಲಿಯೇ. 12 ಮಿಲಿಮೀಟರಿನ ಅರ್ಧಪದರ ಇದರದು.

ಹತ್ತೂವರೆಗೂ ಹನ್ನೆರಡಕ್ಕೂ ಏನು ಮಹಾ ವ್ಯತ್ಯಾಸ, ಒಂದೂವರೆ ಮಿಲಿಮೀಟರಲ್ಲವೇ ಎನಿಸಬಹುದು. ಒಂದು ಲೆಕ್ಕ ಮಾಡಿ ನೋಡೋಣ. ಕೋಬಾಲ್ಟಿನ ಒಂದು ಸಣ್ಣ ತುಣುಕನ್ನು ಇರಿಸಲು ಸೀಸದ ಕುಂಡವೊಂದನ್ನು ಎರಕ ಹೊಯ್ಯಬೇಕಾಗಿದೆ. ಪಕ್ಕದಲ್ಲಿ ಒಬ್ಬನು ಕುಳಿತು ಕೆಲಸ ಮಾಡುತ್ತಾನೆ. ಸೀಸವೇ ಇಲ್ಲದಿದ್ದರೆ ಅವನು ಕುಳಿತಲ್ಲಿ ಗಂಟೆಗೆ 5 ಮಿಲಿಸೀವರ್ಟ್ ವಿಕಿರಣ ತಗಲುತ್ತದೆಂದು ಇಟ್ಟುಕೊಳ್ಳೋಣ. ಸೀವರ್ಟ್ ಎಂಬುದು ಮೈಗೆ ತಗಲಿದ ವಿಕಿರಣದ ಅಳತೆ. ನಮ್ಮ ದೇಶದಲ್ಲಿ ವಿಕಿರಣದ ಕೆಲಸ ಮಾಡುವವನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟನ್ನೂ, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟನ್ನೂ ಮೀರಕೂಡದೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಲಿಯ ಕಟ್ಟಳೆ. ವಿನ್ಯಾಸ ಮಾಡುವವನು ಎಚ್ಚರದ ಮನುಷ್ಯ. ಮಿತಿಯ ಅರ್ಧದಲ್ಲಿಯೇ ಇರೋಣ, ವರ್ಷಕ್ಕೆ 10 ಸಾಕು ಎನ್ನುತ್ತಾನೆ. ವರ್ಷಕ್ಕೆ ಕೆಲಸದ ಅವಧಿ 2000 ಗಂಟೆ. ಆದ್ದರಿಂದ ಗಂಟೆಗೆ 5 ಮೈಕ್ರೋಸೀವರ್ಟ್ ಬರಬಹುದು, ಎಂದರೆ ಸೀಸವು ಕಿರಣವನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸಬೇಕು. ಅರ್ಧದ ಅರ್ಧ ಮಾಡುತ್ತ ಹತ್ತು ಸಲ ಹೋದರೆ 1024ರಲ್ಲಿ ಒಂದು. ಕೈಗೆ ಸಿಕ್ಕಿದ ಕೋಷ್ಟಕದಲ್ಲಿ 10.4 ಮಿಲಿಮೀಟರ್ ಎಂದಿದೆ. ಹತ್ತರಿಂದ ಗುಣಿಸಿ 10.4 ಸೆಂಟಿಮೀಟರ್ ದಪ್ಪದ ಕುಂಡವನ್ನು ಹೊಯ್ಯಿಸುತ್ತಾನೆ.

ಲೆಕ್ಕದಲ್ಲಿ ಕೂಡುವಿಕೆ ಗುಣಾಕಾರಗಳ ತಪ್ಪೇನೂ ಇಲ್ಲ. ಹೊರಗೆ ಬರುವ ನೆಟ್ಟನೆಯ ಫೋಟಾನುಗಳು ಸಾವಿರದಲ್ಲಿ ಒಂದೇ. ಆದರೆ ಅಷ್ಟು ದಪ್ಪದ ಸೀಸದಿಂದ ನೆಟ್ಟಗೆ ಬಂದ ಒಂದು ಪಾಲಿನ ಜೊತೆಗೆ ಚೆದುರಿ ಬಂದವುಗಳಿಂದ ಇನ್ನೂ ಸುಮಾರು ಎರಡು ಪಾಲು ಸೇರುತ್ತದೆ. ಒಟ್ಟು ಮೂರು. ಗಂಟೆಗೆ 5 ಎಂದುಕೊಂಡದ್ದು 15 ಆಯಿತು, ವರ್ಷಕ್ಕೆ 10 ಎಂದುಕೊಂಡದ್ದು 30 ಆಯಿತು. ಅರ್ಧ ಮಿತಿಯಲ್ಲಿದ್ದೇನೆಂದು ನಂಬಿ ಕುಳಿತವನು ಸರಾಸರಿಯ ಮಿತಿಯನ್ನು ದಾಟಿ ಒಂದು ವರ್ಷದ ಕೊನೆಯ ಗೆರೆಯ ಮೇಲೆಯೇ ಕುಳಿತಿದ್ದಾನೆ. ಅವನಿಗೆ ಇದು ತಿಳಿಯುವ ಬಗೆಯೂ ಇಲ್ಲ. ಗಾಮಾ ಕಿರಣಕ್ಕೆ ಬಿಸಿಯಿಲ್ಲ, ವಾಸನೆಯಿಲ್ಲ.

ಅಗಲ ಪುಂಜದ ಕೋಷ್ಟಕವನ್ನು ನೋಡಿದ್ದರೆ ಹನ್ನೆರಡರ ಹತ್ತರಷ್ಟು, ಎಂದರೆ 12 ಸೆಂಟಿಮೀಟರ್ ಬರುತ್ತಿತ್ತು. ಹೆಚ್ಚಿಗೆ ಬೇಕಾದದ್ದು 1.6 ಸೆಂಟಿಮೀಟರ್, ಒಂದು ಹೆಬ್ಬೆರಳ ಅಗಲಕ್ಕೂ ಕಡಿಮೆ. ಆದರೆ ಇದನ್ನು ಬಿಟ್ಟುಬಿಡೋಣವೆಂಬ ಆಸೆ ಹುಟ್ಟುವುದಕ್ಕೆ ಕಾರಣವೂ ಇದೆ. ನಡುವೆ ನಾಲ್ಕು ಸೆಂಟಿಮೀಟರ್ ಅಡ್ಡಳತೆಯ ಪೊಳ್ಳಿರುವ ಚೆಂಡಿನಾಕಾರದ ಕುಂಡವಾದರೆ, 10.4 ಸೆಂಟಿಮೀಟರ್ ದಪ್ಪದ್ದು ಸುಮಾರು 90 ಕಿಲೋಗ್ರಾಂ ತೂಗುತ್ತದೆ, 12 ಸೆಂಟಿಮೀಟರಿನದು 130. ಹೊರಮೈಯ ಮೇಲೆ ಬಳಿದ ಆ ಬೆರಳಗಲ ಪದರವೊಂದೇ 40 ಕಿಲೋಗ್ರಾಂ! ಹೊರುವವನಿಗೂ, ಸೀಸದ ಬೆಲೆ ತೆರುವವನಿಗೂ ಅದು ಕಣ್ಣಿಗೆ ಕಾಣುವ ಭಾರ.

ಚೆದುರಿ ಬಂದದ್ದನ್ನೂ ಸೇರಿಸಿದಾಗ ಒಟ್ಟು ಎಷ್ಟು ಪಟ್ಟಾಯಿತು ಎಂಬ ಸಂಖ್ಯೆಗೆ ವಿಜ್ಞಾನಿಗಳು ಬಿಲ್ಡಪ್ ಫ್ಯಾಕ್ಟರ್ ಎನ್ನುತ್ತಾರೆ. ನಾವು ವೃದ್ಧಿಗುಣಕ ಎಂದು ಕರೆಯಬಹುದು. ನಮ್ಮ ಕುಂಡದಲ್ಲಿ ಅದು ಮೂರು. ಇದು ಸೀಸದ ಮೇಲೆ ಮುದ್ರೆಯೊತ್ತಿದ ಸ್ಥಿರ ಸಂಖ್ಯೆಯಲ್ಲ. ಒಂದು ಅರ್ಧಪದರದಷ್ಟು ತೆಳುವಾದ ಸೀಸದಲ್ಲಿ ಅದು ಒಂದಕ್ಕಿಂತ ತುಸು ಹೆಚ್ಚು. ದಪ್ಪ ಬೆಳೆದಂತೆ ತಾನೂ ಬೆಳೆಯುತ್ತದೆ. ಆದ್ದರಿಂದ ಅಗಲ ಪುಂಜಕ್ಕೆ ನಿಜವಾಗಿ ಒಂದೇ ಅರ್ಧಪದರವಿಲ್ಲ. ಕೋಷ್ಟಕದ 12 ಮಿಲಿಮೀಟರ್ ಎಂಬುದು ದಪ್ಪ ಗೋಡೆಗಳಿಗೆ ಹೊಂದುವಂತೆ ಆರಿಸಿದ ಅನುಕೂಲದ ಸಂಖ್ಯೆ. ಒಂದೆರಡು ಹಾಳೆಗಳ ತೆಳು ಸೀಸಕ್ಕೆ ಅದನ್ನು ಹಚ್ಚಿ ಇಷ್ಟೇ ಸರಿಯೆಂದು ಹಟ ಹಿಡಿಯಬಾರದು.

ಸೀಸದಲ್ಲಿ ಇದು ಮೂರಕ್ಕೇ ನಿಂತದ್ದು ಕೂಡ ಸೀಸದ ಒಂದು ಗುಣದಿಂದ. ಪಕ್ಕಕ್ಕೆ ತಿರುಗಿ ಶಕ್ತಿಗುಂದಿದ ಫೋಟಾನಿಗೆ ಸೀಸ ಇನ್ನೂ ಬಿಗಿಯಾದ ತಡೆ. ಸಮಕೋನದಲ್ಲಿ ತಿರುಗಿದ ಕೋಬಾಲ್ಟಿನ ಫೋಟಾನಿಗೆ ಅರ್ಧಪದರ ಎರಡು ಮಿಲಿಮೀಟರಿನ ಸುಮಾರು. ಮೊದಲ ಡಿಕ್ಕಿಯಲ್ಲಿ ತಪ್ಪಿಸಿಕೊಂಡದ್ದನ್ನು ಸೀಸ ಎರಡನೆಯ ಡಿಕ್ಕಿಯಲ್ಲಿ ನುಂಗುತ್ತದೆ. ಹೊರಗೆ ಬರುವವು ಹೆಚ್ಚಾಗಿ ಸ್ವಲ್ಪವೇ ಓರೆಯಾಗಿ ಶಕ್ತಿಯನ್ನು ಉಳಿಸಿಕೊಂಡವು, ಇಲ್ಲವೇ ಹೊರಮೈಯ ಹತ್ತಿರದಲ್ಲೇ ಚೆದುರಿದವು. ನೀರಿಗೆ ಈ ನುಂಗುವ ಗುಣ ಬಹಳ ಕಡಿಮೆ. ಅಲ್ಲಿ ಫೋಟಾನುಗಳು ಮೇಲಿಂದ ಮೇಲೆ ಚೆದುರುತ್ತ ಬಹುಕಾಲ ಬದುಕುತ್ತವೆ. ಕೋಬಾಲ್ಟಿಗೆ ಹತ್ತಿರದ ಒಂದು ಮಿಲಿಯನ್ ಎಲೆಕ್ಟ್ರಾನ್-ವೋಲ್ಟಿನ ಕಿರಣಕ್ಕೆ, ಹತ್ತು ಅರ್ಧಪದರಗಳಷ್ಟು ಆಳದ ನೀರಿನಲ್ಲಿ, ವೃದ್ಧಿಗುಣಕ ಮೂರಲ್ಲ, ಹದಿನಾರು! ಸಪೂರ ಪುಂಜದ ಸಂಖ್ಯೆಯನ್ನು ಹಿಡಿದು ಅಲ್ಲಿ ಲೆಕ್ಕ ಹಾಕಿದವನು ಮೂರು ಪಟ್ಟಲ್ಲ, ಹದಿನಾರು ಪಟ್ಟು ತಪ್ಪುತ್ತಾನೆ.

ಹಾಗಾದರೆ ಕೈಯಲ್ಲಿರುವ ಅಳತೆ ಯಾವ ಏರ್ಪಾಡಿನದೆಂದು ತಿಳಿಯುವುದು ಹೇಗೆ? ಪ್ರಯೋಗಶಾಲೆಯಲ್ಲಿ ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಕೋಬಾಲ್ಟನ್ನೂ ಎಣಿಕೆಯಂತ್ರವನ್ನೂ ಅಲುಗಿಸದೆ, ನಡುವಿನ ಸೀಸದ ಹಾಳೆಯನ್ನು ಮಾತ್ರ ಯಂತ್ರದ ಹತ್ತಿರಕ್ಕೆ ಸರಿಸಿ ಎಣಿಸಬೇಕು. ನೆಟ್ಟಗೆ ಬರುವ ಫೋಟಾನಿಗೆ ಹಾಳೆ ದಾರಿಯಲ್ಲಿ ಎಲ್ಲಿದ್ದರೂ ಒಂದೇ. ಆದ್ದರಿಂದ ಏರ್ಪಾಡು ನಿಜವಾಗಿ ಸಪೂರವಾಗಿದ್ದರೆ ಎಣಿಕೆ ಬದಲಾಗದು. ಚೆದುರಿದವು ಸೇರಿಕೊಳ್ಳುತ್ತಿದ್ದರೆ, ಹಾಳೆ ಹತ್ತಿರ ಬಂದಂತೆ ಅವು ಹೆಚ್ಚು ಹೆಚ್ಚಾಗಿ ಯಂತ್ರಕ್ಕೆ ಸಿಕ್ಕಿ ಎಣಿಕೆ ಏರುತ್ತದೆ. ತೂತನ್ನು ಇನ್ನೂ ಕಿರಿದು ಮಾಡಿ ನೋಡುವುದು ಇನ್ನೊಂದು ಉಪಾಯ. ಸೀಸವಿದ್ದಾಗ ಮತ್ತು ಇಲ್ಲದಾಗಿನ ಎಣಿಕೆಗಳ ಪ್ರಮಾಣ ಅದರಿಂದ ಬದಲಾಯಿತೆಂದರೆ ಮೊದಲಿನ ತೂತು ಅಗಲವಾಗಿತ್ತೆಂದೇ ಅರ್ಥ.

ಇಲ್ಲಿ ಒಂದು ಮೋಸವೂ ಕಾದಿರುತ್ತದೆ. ಎಣಿಕೆಯಂತ್ರದ ಹತ್ತಿರ ಕೋಬಾಲ್ಟೇ ಇಲ್ಲದಿದ್ದರೂ ಅದು ಸುಮ್ಮನಿರುವುದಿಲ್ಲ. ನೆಲ, ಗೋಡೆ, ಆಕಾಶಗಳಿಂದ ಬರುವ ಸಹಜ ವಿಕಿರಣಕ್ಕೆ ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ನಿಮಿಷಕ್ಕೆ ಅಂಥವು 40 ಎಂದಿಟ್ಟುಕೊಳ್ಳೋಣ. ಸೀಸವಿಲ್ಲದಾಗ ಕೋಬಾಲ್ಟಿನ ಪಾಲು 8000. ಎಂಟು ಅರ್ಧಪದರ ದಾಟಿದ ಮೇಲೆ ಅದು 31ಕ್ಕೆ ಇಳಿದಿರಬೇಕು. ಯಂತ್ರ ತೋರಿಸುವುದು 71. ಒಂಬತ್ತಾದ ಮೇಲೆ 56, ಹತ್ತಾದ ಮೇಲೆ 48. ಸಂಖ್ಯೆಗಳು ಅರ್ಧವಾಗುವುದನ್ನು ಬಿಟ್ಟುಬಿಟ್ಟುವಲ್ಲ, ಇದು ಚೆದುರಿಕೆಯ ಪ್ರಭಾವವೇ ಇರಬೇಕು ಎಂದು ಗೊಂದಲಕ್ಕೆ ಬೀಳುವುದು ಸಹಜ. ಕೋಬಾಲ್ಟನ್ನು ದೂರ ಸಾಗಿಸಿ, ಸೀಸವನ್ನು ಇದ್ದಲ್ಲಿಯೇ ಬಿಟ್ಟು, ಬರಿಯ ಹಿನ್ನೆಲೆಯನ್ನು ಎಣಿಸಿ ಕಳೆದರೆ ನಿಜ ಗೊತ್ತಾಗುತ್ತದೆ. ಕಳೆದ ಮೇಲೆ ಸಂಖ್ಯೆಗಳು ಮತ್ತೆ 31, 16, 8 ಎಂದು ಸಾಲಾಗಿ ನಿಂತರೆ ಏರ್ಪಾಡು ಸಪೂರವೇ. ಆಗಲೂ ಇಳಿಕೆ ನಿಧಾನವಾಗಿಯೇ ಉಳಿದರೆ ಚೆದುರಿಕೆಯನ್ನು ಹುಡುಕಬೇಕು.

ಕೋಷ್ಟಕವನ್ನು ಓದುವವನಿಗೆ ಇಂಥ ಪರೀಕ್ಷೆ ಮಾಡಲಾಗದು. ಅವನು ತಲೆಬರಹದಲ್ಲಿ ಸಪೂರ ಪುಂಜವೋ ಅಗಲ ಪುಂಜವೋ ಎಂದು ಬರೆದಿರುವುದನ್ನು ಹುಡುಕಬೇಕು. ಬರೆದಿಲ್ಲದಿದ್ದರೆ ತನಗೆ ತಿಳಿದ ಒಂದೆರಡು ವಸ್ತುಗಳ ಸಂಖ್ಯೆಯನ್ನು ಹೋಲಿಸಿ ನೋಡಬಹುದು. ಸೀಸಿಯಮ್-137ರ ಕಿರಣಕ್ಕೆ ಸೀಸದ ಅರ್ಧಪದರ ಐದೂವರೆ ಮಿಲಿಮೀಟರ್ ಎಂದಿದ್ದರೆ ಕೋಷ್ಟಕ ಸಪೂರ ಪುಂಜದ್ದು, ಆರೂವರೆ ಎಂದಿದ್ದರೆ ಅಗಲ ಪುಂಜದ್ದು. ಕುಂಡ ಸಿದ್ಧವಾದ ಮೇಲೆ ಕೋಬಾಲ್ಟನ್ನು ಒಳಗಿಟ್ಟು ಮಾಪಕವನ್ನು ಹೊರಮೈಯ ಸುತ್ತಲೂ, ಮುಚ್ಚಳದ ಸಂದಿಯ ಬಳಿಯಲ್ಲಿಯೂ ಆಡಿಸಿ ನೋಡುವುದುಂಟು. ಮಾಪಕದ ಮುಂದೆ ಆಗ ಯಾವ ತೂತಿನ ಗಟ್ಟಿಯನ್ನೂ ಇಡುವುದಿಲ್ಲ. ಪಕ್ಕದಲ್ಲಿ ಕುಳಿತುಕೊಳ್ಳುವ ಮನುಷ್ಯನಿಗೆ ತಗಲುವಂತೆಯೇ ಅದಕ್ಕೂ ನೆಟ್ಟಗೆ ಬಂದದ್ದು, ಚೆದುರಿ ಬಂದದ್ದು ಎಲ್ಲವೂ ತಗಲಬೇಕು.